ಕೈವಾರಕ್ಕೆ ಸಿಗದ ಹಿನ್ನಾಡು

ಮೊನ್ನೆ ಏಳನೇ ತರಗತಿಯ ಮೊಮ್ಮಗಳು ಭೂಗೋಳದ ಮನೆಪಾಠ ಹಿಡಿದು ಬಂದಳು. "ಅಜ್ಜ, ಮಂಗಳೂರು ಬಂದರಿನ ಹಿನ್ನಾಡು ಗುರುತಿಸಬೇಕಂತೆ" ಎಂದವಳೇ, ನಕ್ಷೆಯಲ್ಲಿ ಪಣಂಬೂರಿನ ಮೇಲೆ ಕೈವಾರ ಊರಿ ದೊಡ್ಡದೊಂದು ವೃತ್ತ ಎಳೆದುಬಿಟ್ಟಳು. ಅರ್ಧ ವೃತ್ತ ಸಮುದ್ರದಲ್ಲೇ ಬಿತ್ತು! ಉಳಿದರ್ಧದೊಳಗೆ ನಮ್ಮ ಬೆಂಗಳೂರೂ ಸೇರಿತ್ತು.

ಇಂಗ್ಲಿಷಿನವರು ಇದನ್ನು ಹಿಂಟರ್‌ಲ್ಯಾಂಡ್ ಅನ್ನುತ್ತಾರೆ. ಅವರಿಗೆ ಆ ಪದ ಬಂದದ್ದು ಜರ್ಮನ್ ಭಾಷೆಯಿಂದ. ಹಿಂದಿರುವ ನೆಲ ಎಂದು ಅದರ ಅರ್ಥ. ಯಾವ ಊರುಗಳ ಸರಕು ಒಂದು ಬಂದರಿನಲ್ಲಿ ಹಡಗು ಏರುತ್ತದೋ, ಅಲ್ಲಿ ಇಳಿದ ಸರಕು ಯಾವ ಊರುಗಳಿಗೆ ಹೋಗುತ್ತದೋ, ಅವೆಲ್ಲ ಆ ಬಂದರಿನ ಹಿನ್ನಾಡು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ರಫ್ತಿನ ಕಾಗದಪತ್ರಗಳು ನನ್ನ ಮೇಜಿಗೆ ಬರುತ್ತಿದ್ದವು. ಅವುಗಳಲ್ಲಿ ಬಿಲ್ ಆಫ್ ಲೇಡಿಂಗ್ ಎಂಬುದೊಂದು. ಸರಕು ಯಾವ ಬಂದರಿನಲ್ಲಿ ಹಡಗು ಏರಿತು ಎಂದು ಹಡಗಿನ ಕಂಪನಿ ಅದರಲ್ಲಿ ಬರೆದುಕೊಡುತ್ತದೆ. ಚಿಕ್ಕಮಗಳೂರಿನ ಕಾಫಿಯಾದರೆ ಮಂಗಳೂರು ಎಂದಿರುತ್ತಿತ್ತು. ಬೆಂಗಳೂರಿನ ಸಿದ್ಧ ಉಡುಪಾದರೆ ಚೆನ್ನೈ!

"ಚೆನ್ನೈ ಹತ್ತಿರವಾ?" ಎಂದಳು ಮೊಮ್ಮಗಳು. ಇಲ್ಲ, ಬೆಂಗಳೂರಿನಿಂದ ಎರಡೂ ಬಂದರುಗಳಿಗೆ ಸುಮಾರು 350 ಕಿಲೋಮೀಟರ್. ವ್ಯತ್ಯಾಸ ಇರುವುದು ದಾರಿಯಲ್ಲಿ. ಮಂಗಳೂರಿಗೆ ಹೋಗುವ ಲಾರಿ ಶಿರಾಡಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್. ಲಾರಿ ತಡವಾಗಿ ಹಡಗು ತಪ್ಪಿತೋ, ಮುಂದಿನ ಹಡಗಿಗೆ ಕಾಯಬೇಕು. ಚೆನ್ನೈ ಕಡೆಗೆ ಅಂಥ ಕಡಿದಾದ ಘಾಟಿ ಇಲ್ಲ. ವೈಟ್‌ಫೀಲ್ಡಿನಲ್ಲೇ ಸುಂಕದ ಕೆಲಸ ಮುಗಿಸಿ ಕಂಟೇನರನ್ನು ರೈಲಿಗೆ ಏರಿಸಬಹುದು. ಅಲ್ಲಿಂದ ಹೊರಡುವ ಕಂಟೇನರ್ ಹಡಗುಗಳೂ ಹೆಚ್ಚು. ಹಾಗಾಗಿ ಉಡುಪಿನ ಮಟ್ಟಿಗೆ ಬೆಂಗಳೂರು ಚೆನ್ನೈಯ ಹಿನ್ನಾಡು.

ಹಾಗಾದರೆ ಬೆಂಗಳೂರಿಗೂ ಮಂಗಳೂರಿಗೂ ಸಂಬಂಧವೇ ಇಲ್ಲವೇ? ಅಡುಗೆಮನೆಗೆ ಬನ್ನಿ. ಮಂಗಳೂರಿನಲ್ಲಿ ಹಡಗಿನಿಂದ ಇಳಿದ ಅಡುಗೆ ಅನಿಲ ನೆಲದಡಿಯ ಕೊಳವೆಯಲ್ಲಿ ಹಾಸನದ ಮೇಲಿಂದ ಬೆಂಗಳೂರಿನ ಸಮೀಪದ ಸೋಲೂರಿಗೆ ಬರುತ್ತದೆ. ಗುಡ್ಡ ಕುಸಿದು ಲಾರಿಗಳು ನಿಂತ ದಿನವೂ ಅನಿಲ ಹರಿಯಬಲ್ಲದು. ಅಂದರೆ ಅನಿಲದ ಮಟ್ಟಿಗೆ ಇದೇ ಬೆಂಗಳೂರು ಮಂಗಳೂರಿನ ಹಿನ್ನಾಡು. ಊರು ಒಂದೇ, ಸರಕು ಬದಲಾದರೆ ಬಂದರೂ ಬದಲು. ನಾಳೆ ಘಾಟಿಯಲ್ಲಿ ಒಳ್ಳೆಯ ದಾರಿಯಾಗಿ, ಮಂಗಳೂರಿಗೆ ಹೆಚ್ಚು ಹಡಗುಗಳು ಬಂದರೆ ಉಡುಪೂ ಈ ಕಡೆ ತಿರುಗೀತು.

ಮೊಮ್ಮಗಳು ವೃತ್ತವನ್ನು ಅಳಿಸಿದಳು. ಚಿಕ್ಕಮಗಳೂರಿನಿಂದ ಪಣಂಬೂರಿಗೆ ಕಂದು ಗೆರೆ, ಬೆಂಗಳೂರಿನಿಂದ ಚೆನ್ನೈಗೆ ನೀಲಿ ಗೆರೆ, ಪಣಂಬೂರಿನಿಂದ ಸೋಲೂರಿಗೆ ಕೆಂಪು ಗೆರೆ ಎಳೆದಳು. ಕೈವಾರ ಪೆಟ್ಟಿಗೆ ಸೇರಿತು.