ಸೇರಲು ಒಂದೇ ಒತ್ತು, ಬಿಡಲು ನೂರು ಸುತ್ತು

ತಿಂಗಳಿಗೆ 499 ರೂಪಾಯಿಯ ಆನ್‌ಲೈನ್ ತರಗತಿಯೊಂದಕ್ಕೆ ಯುಪಿಐ ಆಟೊಪೇ ಮೂಲಕ ಸೇರಿದ್ದೀರಿ ಎಂದಿಟ್ಟುಕೊಳ್ಳಿ. ಬೇಡವೆನಿಸಿ ಬಿಡಲು ಹೊರಟರೆ ಆ್ಯಪ್‌ನಲ್ಲಿ ಆ ಆಯ್ಕೆಯೇ ಕಾಣುವುದಿಲ್ಲ. ಸೆಟ್ಟಿಂಗ್ಸ್, ಹೆಲ್ಪ್, ಪ್ರಶ್ನೋತ್ತರ ಎಂದು ಅಲೆದಾಡಿದ ಮೇಲೆ ಸಿಗುವುದು ಒಂದು ಫೋನ್ ನಂಬರ್. ಕರೆ ಮಾಡಿದರೆ ‘ಅರ್ಧ ಬೆಲೆಗೆ ಕೊಡ್ತೀವಿ ಸರ್, ಇನ್ನೊಂದು ತಿಂಗಳು ನೋಡಿ’ ಎಂಬ ಒತ್ತಾಯ. ಅಷ್ಟರಲ್ಲಿ ಮುಂದಿನ ಕಂತೂ ಕಡಿತವಾಗಿರುತ್ತದೆ.

ಇದು ಬರೀ ಕಿರಿಕಿರಿಯಲ್ಲ, ನಿಯಮದ ಉಲ್ಲಂಘನೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಆನ್‌ಲೈನ್ ವ್ಯವಹಾರದ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿದೆ. ಚಂದಾ ರದ್ದತಿಯ ಆಯ್ಕೆಯನ್ನು ಬಚ್ಚಿಡುವುದು, ಆ ಕೆಲಸವನ್ನು ಬೇಕೆಂದೇ ಉದ್ದವಾಗಿ, ಗೊಂದಲಮಯವಾಗಿ ಮಾಡುವುದು ಆ ಪಟ್ಟಿಯಲ್ಲಿದೆ.

ಹಾಗಾಗಿ ದೂರು ಕೊಡಬಹುದು. ಆದರೆ ಅದು ಇತ್ಯರ್ಥವಾಗುವವರೆಗೆ ಹಣ ಹೋಗುತ್ತಲೇ ಇರಬಾರದಲ್ಲ? ಆದ್ದರಿಂದ ಮೊದಲು ಹಣದ ದಾರಿ ಮುಚ್ಚಬೇಕು. ಅದರ ಕೀಲಿ ಕಂಪನಿಯ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲೇ ಇದೆ. ಯುಪಿಐ ಆ್ಯಪ್‌ನ ಆಟೊಪೇ ವಿಭಾಗಕ್ಕೆ ಹೋದರೆ ನೀವು ಒಪ್ಪಿಗೆ ಕೊಟ್ಟ ಕಂತುಗಳೆಲ್ಲ ಕಾಣುತ್ತವೆ. ಬೇಡವಾದದ್ದನ್ನು ಪಿನ್ ಒತ್ತಿ ರದ್ದು ಮಾಡಬಹುದು. ಕಾರ್ಡ್ ಕೊಟ್ಟಿದ್ದರೆ ಅದೇ ಕೆಲಸವನ್ನು ಬ್ಯಾಂಕಿನ ಇ-ಮ್ಯಾಂಡೇಟ್ ಪುಟದಲ್ಲಿ ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಜಾಹೀರಾತೆಂದು ನಾವು ಓದದೆ ಬಿಡುವ ಆ ಸಂದೇಶವೇ ಎಚ್ಚರಿಕೆಯ ಗಂಟೆ. ರದ್ದು ಮಾಡಿದ ಮೇಲೂ ಹಣ ಕಡಿತವಾದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಇಲ್ಲೇ ಹಲವರು ಎಡವುತ್ತಾರೆ. ಕಂತು ನಿಲ್ಲಿಸಿದ ಮಾತ್ರಕ್ಕೆ ಒಪ್ಪಂದ ಮುಗಿಯುವುದಿಲ್ಲ. ತಿಂಗಳ ಚಂದಾ ಆದರೆ ಸಾಮಾನ್ಯವಾಗಿ ಸೇವೆ ಅಲ್ಲಿಗೇ ನಿಲ್ಲುತ್ತದೆ. ಆದರೆ ವರ್ಷದ ಕರಾರಿನ ಜಿಮ್, ಬ್ರಾಡ್‌ಬ್ಯಾಂಡ್‌ನಂಥವು ಬಾಕಿ ಕೇಳಬಹುದು. ಆದ್ದರಿಂದ ಅದೇ ದಿನ ಕಂಪನಿಗೆ ಇಮೇಲ್ ಕಳಿಸಿ: ‘ಇಂದಿನಿಂದ ನನ್ನ ಚಂದಾ ರದ್ದು ಮಾಡಿ. ನಿಮ್ಮ ಆ್ಯಪ್‌ನಲ್ಲಿ ಅದಕ್ಕೆ ಆಯ್ಕೆ ಸಿಗಲಿಲ್ಲ. ಮುಂದಿನ ಕಂತಿಗೆ ನನ್ನ ಒಪ್ಪಿಗೆಯಿಲ್ಲ.’ ಅಲೆದಾಡಿದ ಪುಟಗಳ ಸ್ಕ್ರೀನ್‌ಶಾಟ್, ಕರೆಯ ದಿನಾಂಕ ಮತ್ತು ಸಮಯವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ಆಡಿದ ಮಾತಿಗೆ ನಿಮ್ಮ ಬಳಿ ಪುರಾವೆ ಇರುವುದಿಲ್ಲ, ಇಮೇಲ್‌ಗೆ ಇರುತ್ತದೆ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತನಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಆದರೆ ಹಣ ವಾಪಸ್ ಕೊಡಿ ಎಂದು ಆದೇಶಿಸುವ ಅಧಿಕಾರ ಅವರಿಗಿಲ್ಲ. ಅದಿರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರು ಕೊಡಲು ಇರುವ ಕಾಲಾವಧಿ 2 ವರ್ಷ.