ಮಾತಿನ ಸರದಿ ಮತ್ತು ಅರ್ಧ ಸೆಕೆಂಡಿನ ಮೌನ

ಮಾತುಕತೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಶುರುವಾಗುವ ನಡುವಿನ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು, ಅಂದರೆ ಸುಮಾರು 200 ಮಿಲಿಸೆಕೆಂಡು. ಇಷ್ಟು ಚಿಕ್ಕ ಬಿಡುವಿನಲ್ಲಿ ಸರದಿ ಕೈಬದಲಾಗುತ್ತದೆ. ಯಾರು ಯಾವಾಗ ಮಾತಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡವರಿಲ್ಲ, ಸಭೆಯಲ್ಲಿರುವಂತೆ ಅಧ್ಯಕ್ಷರೂ ಇಲ್ಲ. ಆದರೂ ಬಹುಪಾಲು ಹೊತ್ತು ಒಂದು ಸಲಕ್ಕೆ ಒಬ್ಬರೇ ಮಾತಾಡುತ್ತಾರೆ.

ಇದು ಹೇಗೆ ಸಾಧ್ಯ ಎಂಬುದನ್ನು ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಗೇಲ್ ಜೆಫರ್ಸನ್ ಎಂಬ ಅಮೆರಿಕದ ಮೂವರು ವಿದ್ವಾಂಸರು 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ನಿತ್ಯದ ಮಾತುಕತೆಗಳನ್ನು ಧ್ವನಿಮುದ್ರಿಸಿ, ಉಸಿರು, ತಡವರಿಕೆ, ನಗು ಸಹಿತ ಬರೆದುಕೊಂಡು ಅವರು ಅಧ್ಯಯನ ಮಾಡಿದ್ದರು. ಅವರ ಪ್ರಕಾರ ಮಾತಿನ ಹರಿವಿನಲ್ಲಿ ‘ಇಲ್ಲಿಗೆ ಒಂದು ಮಾತು ಪೂರ್ತಿಯಾಯಿತು’ ಎನ್ನಬಹುದಾದ ತಾಣಗಳು ಆಗಾಗ ಬರುತ್ತವೆ, ಸರದಿ ಬದಲಾಗುವುದು ಅಲ್ಲಿಯೇ. ಮಾತಾಡುತ್ತಿರುವವರು ಪ್ರಶ್ನೆ ಕೇಳಿ ಅಥವಾ ಹೆಸರು ಹಿಡಿದು ಮುಂದಿನವರನ್ನು ತಾವೇ ಆರಿಸಿದ್ದರೆ ಸರದಿ ಅವರಿಗೆ ಹೋಗುತ್ತದೆ. ಆರಿಸದಿದ್ದರೆ ಮೊದಲು ಬಾಯಿ ತೆರೆದವರಿಗೆ. ಯಾರೂ ತೆರೆಯದಿದ್ದರೆ ಮೊದಲಿನವರೇ ಮುಂದುವರಿಸಬಹುದು. ಈ ಕೊನೆಯ ನಿಯಮ ಸಣ್ಣದಾಗಿ ಕಂಡರೂ, ಸಮುದಾಯ ಸಮುದಾಯಗಳ ನಡುವೆ ಏಳುವ ಬಹಳಷ್ಟು ಮನಸ್ತಾಪ ಹುಟ್ಟುವುದು ಅದರಿಂದಲೇ.

200 ಮಿಲಿಸೆಕೆಂಡು ಎಷ್ಟು ಕಡಿಮೆ ಎಂಬುದಕ್ಕೆ ಒಂದು ಅಳತೆಯಿದೆ. ಚಿತ್ರವೊಂದನ್ನು ತೋರಿಸಿ ಅದರ ಹೆಸರು ಹೇಳಿ ಎಂದರೆ, ಒಂದೇ ಪದವನ್ನು ಹೊರಡಿಸಲು ಮನುಷ್ಯನಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಎದುರಿನವರ ಮಾತು ನಿಂತ ಮೇಲೆ ಉತ್ತರವನ್ನು ಯೋಚಿಸಲು ಶುರುಮಾಡಿದರೆ ಇಷ್ಟು ಬೇಗ ಉತ್ತರಿಸಲಾಗದು. ಕೇಳುಗರು ಮಾತು ಎಲ್ಲಿ ಮುಗಿಯುತ್ತದೆಂದು ಮುಂಚೆಯೇ ಊಹಿಸಿ, ಕೇಳುತ್ತಿರುವಾಗಲೇ ಉತ್ತರವನ್ನು ಸಿದ್ಧಮಾಡಿಕೊಂಡಿರುತ್ತಾರೆ. ವಾಕ್ಯದ ಜಾಡು, ದನಿಯ ಇಳಿತ, ಕೊನೆಯ ಅಕ್ಷರದ ಎಳೆತ, ಕಣ್ಣಿನ ನೋಟ ಎಲ್ಲವೂ ಈ ಊಹೆಗೆ ನೆರವಾಗುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಾಳೆ ಮೈಸೂರಿಗೆ ಹೋಗ್ತೀ’ ಎಂಬುದಕ್ಕೆ ‘ಯಾ’ ಸೇರಿದಾಗಲೇ ಅದು ಪ್ರಶ್ನೆಯೆಂದು ಖಚಿತವಾಗುವುದು. ಇಂಥ ಭಾಷೆಗಳಲ್ಲಿ ಉತ್ತರ ತಡವಾಗಬಹುದೆಂದು ತೋರುತ್ತದೆ. ಆದರೆ ಇದೇ ಬಗೆಯ ವಾಕ್ಯರಚನೆಯಿರುವ ಜಪಾನಿ ಭಾಷೆಯಲ್ಲಿ ಅಳೆದು ನೋಡಿದಾಗ ಸಿಕ್ಕಿದ್ದು ತದ್ವಿರುದ್ಧ ಫಲಿತಾಂಶ.

ಆ ಅಳತೆ ನಡೆದದ್ದು ನೆದರ್ಲೆಂಡ್ಸಿನ ನೈಮೇಗನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರ ಮುಂದಾಳತ್ವದಲ್ಲಿ, 2009ರಲ್ಲಿ ಪ್ರಕಟವಾಯಿತು. ಹತ್ತು ಭಾಷೆಗಳ ಸಹಜ ಮಾತುಕತೆಯನ್ನು ವಿಡಿಯೊದಲ್ಲಿ ಹಿಡಿದು, ಹೌದು–ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳಿಗೆ ಎಷ್ಟು ಹೊತ್ತಿಗೆ ಉತ್ತರ ಬಂತೆಂದು ನೋಡಿದರು. ಡೇನಿಷ್, ಇಟಾಲಿಯನ್, ಕೊರಿಯನ್ ಭಾಷೆಗಳ ಜೊತೆ ಮೆಕ್ಸಿಕೊದ ಟ್ಸೆಲ್ಟಾಲ್, ಪಪುವಾ ನ್ಯೂಗಿನಿಯ ದ್ವೀಪವೊಂದರ ಯೇಲಿ ದ್ನ್ಯೆಯಂಥ ಭಾಷೆಗಳೂ ಇದರಲ್ಲಿದ್ದವು. ಸರಾಸರಿ ಬಿಡುವು ಜಪಾನಿಯಲ್ಲಿ ಅತಿ ಕಡಿಮೆ, ಕೇವಲ 7 ಮಿಲಿಸೆಕೆಂಡು. ಅತಿ ಹೆಚ್ಚು ಡೇನಿಷ್‌ನಲ್ಲಿ, 469. ಉಳಿದವು ಇವೆರಡರ ನಡುವೆ. ತುಟಿ ಬಿಗಿದವರೆಂದು ಹೆಸರಾದ ಜನಾಂಗಕ್ಕೂ ವಾಚಾಳಿಗಳೆಂದು ಹೆಸರಾದ ಜನಾಂಗಕ್ಕೂ ಇರುವ ಅಂತರ ಅರ್ಧ ಸೆಕೆಂಡನ್ನೂ ಮುಟ್ಟುವುದಿಲ್ಲ. ಬಿಡುವನ್ನು ಆದಷ್ಟು ಕಡಿಮೆ ಮಾಡುವ ಪ್ರವೃತ್ತಿ ಎಲ್ಲ ಕಡೆಯೂ ಒಂದೇ.

ಎಲ್ಲ ಕಡೆಯೂ ಒಂದೇ ಆಗಿ ಕಂಡ ಇನ್ನೊಂದು ಸಂಗತಿಯೆಂದರೆ, ‘ಹೌದು’ ಬೇಗ ಬರುತ್ತದೆ, ‘ಅಲ್ಲ’ ನಿಧಾನವಾಗಿ ಬರುತ್ತದೆ. ಹಾಗಾಗಿ ತಡವೇ ಒಂದು ಉತ್ತರವಾಗುತ್ತದೆ. ‘ಭಾನುವಾರ ಮನೆಗೆ ಬರ್ತೀರಾ?’ ಎಂದಾಗ ಎದುರಿನವರು ಮುಕ್ಕಾಲು ಸೆಕೆಂಡು ಸುಮ್ಮನಿದ್ದರೆ, ಕೇಳಿದವರು ‘ಅಥವಾ ಮುಂದಿನ ವಾರವಾದರೂ ಪರವಾಗಿಲ್ಲ’ ಎಂದು ತಾವೇ ಸೇರಿಸಿಬಿಡುತ್ತಾರೆ. ಬರಲಾಗದು ಎಂಬ ಮಾತು ಆಡದೆಯೇ ತಲುಪಿರುತ್ತದೆ. ಬಿಡುವಿನ ಅಳತೆಯನ್ನು ಕಿವಿ ಇಷ್ಟು ಸೂಕ್ಷ್ಮವಾಗಿ ಓದುವುದರಿಂದಲೇ, ತಡಕ್ಕೆ ಬೇರೆ ಕಾರಣವಿದ್ದಾಗಲೂ ಅದನ್ನು ಎದುರಿನವರ ಮನಸ್ಸಿನ ತಲೆಗೆ ಕಟ್ಟುತ್ತದೆ. ಉಪಗ್ರಹದ ಮೂಲಕ ವಿದೇಶಕ್ಕೆ ಫೋನು ಮಾಡುತ್ತಿದ್ದ ಕಾಲದಲ್ಲಿ ಸಂಕೇತ 36,000 ಕಿಲೋಮೀಟರು ಮೇಲೇರಿ ಮತ್ತೆ ಕೆಳಗಿಳಿಯಬೇಕಿತ್ತು. ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಹೆಚ್ಚುವರಿಯಾಗಿ ಕಳೆಯುತ್ತಿತ್ತು. ಅಮೆರಿಕದಲ್ಲಿದ್ದ ಮಗನಿಗೂ ಊರಿನಲ್ಲಿದ್ದ ತಾಯಿಗೂ ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು, ಇಬ್ಬರೂ ಒಮ್ಮೆಲೇ ನಿಂತು, ಮತ್ತೆ ಒಮ್ಮೆಲೇ ಶುರುಮಾಡುವ ಪೇಚು ಹುಟ್ಟುತ್ತಿದ್ದುದು ಇದರಿಂದ. ಕೃತಕವಾಗಿ ತಡ ಹಾಕಿದ ಕರೆಗಳ ಪ್ರಯೋಗಗಳಲ್ಲಿ, ತಡ ತಂತಿಯದೆಂದು ಅರಿಯದ ಜನ ಎದುರಿನವರಿಗೆ ಗಮನವಿಲ್ಲ ಎಂದೇ ತೀರ್ಮಾನಿಸಿದ್ದು ಕಂಡುಬಂದಿದೆ.

ತಂತಿಯ ತಡದ ಜಾಗದಲ್ಲಿ ಸಂಸ್ಕೃತಿಯ ತಡವನ್ನಿಟ್ಟರೆ ಏನಾಗುತ್ತದೆ ಎಂಬುದನ್ನು ಅಲಾಸ್ಕ ಮತ್ತು ಕೆನಡಾದಲ್ಲಿ ರಾನ್ ಮತ್ತು ಸುಜೇನ್ ಸ್ಕಾಲನ್ ದಂಪತಿ 1970ರ ದಶಕದ ಕೊನೆಯಿಂದ ಅಧ್ಯಯನ ಮಾಡಿದರು. ಅಲ್ಲಿನ ಮೂಲನಿವಾಸಿಗಳಾದ ಅತಬಾಸ್ಕನ್ ಜನರಿಗೂ ಇಂಗ್ಲಿಷ್ ಮಾತಾಡುವ ಬಿಳಿಯರಿಗೂ ಕಚೇರಿ, ಶಾಲೆ, ನ್ಯಾಯಾಲಯಗಳಲ್ಲಿ ಮುಖಾಮುಖಿ ಆಗುತ್ತಿತ್ತು. ಬಿಳಿಯರು ತಮ್ಮ ಮಾತಿನ ತುಂಡುಗಳ ನಡುವೆ ಬಿಡುತ್ತಿದ್ದ ಬಿಡುವು ಸುಮಾರು ಒಂದು ಸೆಕೆಂಡು, ಅತಬಾಸ್ಕನ್ನರದು ಸುಮಾರು ಒಂದೂವರೆ ಸೆಕೆಂಡು. ಅರ್ಧ ಸೆಕೆಂಡಿನ ಈ ವ್ಯತ್ಯಾಸ ಎರಡು ದಿಕ್ಕಿನಲ್ಲಿ ಕೆಲಸ ಮಾಡಿತು.

ಕಚೇರಿಯೊಂದರಲ್ಲಿ ಬಿಳಿಯ ಅಧಿಕಾರಿ, ಅವನೆದುರು ಅರ್ಜಿ ಹಿಡಿದು ಬಂದ ಅತಬಾಸ್ಕನ್ ಮನುಷ್ಯ ಇದ್ದಾರೆಂದುಕೊಳ್ಳಬಹುದು. ಅಧಿಕಾರಿ ಪ್ರಶ್ನೆ ಕೇಳಿ ನಿಲ್ಲಿಸುತ್ತಾನೆ. ಒಂದು ಸೆಕೆಂಡು ಕಳೆಯುತ್ತದೆ. ಅರ್ಜಿದಾರ ಇನ್ನೂ ಕಾಯುತ್ತಿದ್ದಾನೆ, ಏಕೆಂದರೆ ಅವನ ಲೆಕ್ಕದಲ್ಲಿ ಅಧಿಕಾರಿಯ ಮಾತು ಮುಗಿದದ್ದು ಖಚಿತವಾಗಿಲ್ಲ. ಉತ್ತರ ಬರಲಿಲ್ಲವೆಂದು ಅಧಿಕಾರಿ, ಮೊದಲಿನವರೇ ಮುಂದುವರಿಸಬಹುದೆಂಬ ನಿಯಮದ ಪ್ರಕಾರವೇ, ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಾನೆ. ಅರ್ಜಿದಾರನ ಕಾಯುವಿಕೆ ಮತ್ತೆ ಮೊದಲಿನಿಂದ. ಕೊನೆಗೆ ಹೇಗೋ ಅವನಿಗೆ ಸರದಿ ಸಿಕ್ಕಿತೆನ್ನಿ. ಒಂದು ವಾಕ್ಯ ಹೇಳಿ, ಮುಂದಿನದನ್ನು ಹೇಳುವ ಮುನ್ನ ತನ್ನ ವಾಡಿಕೆಯಂತೆ ನಿಲ್ಲಿಸುತ್ತಾನೆ. ಅಧಿಕಾರಿಗೆ ಅದು ಮಾತಿನ ಕೊನೆಯಾಗಿ ಕೇಳುತ್ತದೆ, ಅವನು ಮುಂದಿನ ವಿಷಯಕ್ಕೆ ಹೋಗುತ್ತಾನೆ. ಮುಖ್ಯವಾದ ಎರಡನೆಯ ವಾಕ್ಯ ಬಾಯಲ್ಲೇ ಉಳಿಯುತ್ತದೆ.

ಇಲ್ಲಿ ಇಬ್ಬರಲ್ಲಿ ಯಾರೂ ಮರ್ಯಾದೆ ಮೀರಿಲ್ಲ. ಆದರೆ ಹೊರಬಂದ ಮೇಲೆ ಅಧಿಕಾರಿಯ ಪಾಲಿಗೆ ಅರ್ಜಿದಾರ ಏನೂ ಹೇಳದ, ಬಿಗುಮಾನದ, ಬಹುಶಃ ಏನನ್ನೋ ಮುಚ್ಚಿಡುವ ಮನುಷ್ಯ. ಅರ್ಜಿದಾರನ ಪಾಲಿಗೆ ಅಧಿಕಾರಿ ಬಾಯಿ ಮುಚ್ಚದ, ಇನ್ನೊಬ್ಬರಿಗೆ ಮಾತಾಡಲು ಬಿಡದ ಮನುಷ್ಯ. ಗೊಂದಲವನ್ನು ಹೆಚ್ಚಿಸುವ ಇನ್ನೊಂದು ಕಾರಣವನ್ನೂ ಸ್ಕಾಲನ್ ದಂಪತಿ ಗುರುತಿಸಿದರು. ಬಿಳಿಯರು ಅಪರಿಚಿತರನ್ನು ಅರಿಯಲು ಮಾತಾಡುತ್ತಾರೆ. ಅತಬಾಸ್ಕನ್ನರು ಪರಿಚಯವಾದ ಮೇಲೆ ಮಾತಾಡುತ್ತಾರೆ. ಹೀಗಾಗಿ ಮೊದಲು ಬಾಯಿ ತೆರೆಯುವವರು ಬಿಳಿಯರೇ ಆಗಿ, ಏನನ್ನು ಕುರಿತು ಮಾತಾಡಬೇಕೆಂಬುದನ್ನು ನಿರ್ಧರಿಸುವವರೂ ಅವರೇ ಆಗುತ್ತಿದ್ದರು. ಅಧಿಕಾರ ಒಂದೇ ಕಡೆಯಿರುವ ಜಾಗದಲ್ಲಿ ಇದು ಅನ್ಯಾಯಕ್ಕೆ ಸುಲಭವಾಗಿ ದಾರಿಯಾಗುತ್ತದೆ. ಈ ಅಳತೆಗಳು ಕೆಲವು ಊರು, ಕೆಲವು ಸನ್ನಿವೇಶಗಳಿಂದ ಬಂದವು. ಇಡೀ ಜನಾಂಗದ ಪ್ರತಿಯೊಬ್ಬರಿಗೂ ಅಂಟಿಸುವಂಥವಲ್ಲ.

ಮಾತಿನ ಮೇಲೆ ಮಾತು ಬೀಳುವುದೆಲ್ಲ ನಡುವೆ ಬಾಯಿ ಹಾಕಿದಂತೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಊಟದ ಮೇಜಿನಿಂದ. 1978ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಆರು ಮಂದಿ ಹಬ್ಬದೂಟಕ್ಕೆ ಕೂತಿದ್ದರು. ಅವರಲ್ಲಿ ಒಬ್ಬರಾದ ಭಾಷಾವಿಜ್ಞಾನಿ ಡೆಬೊರಾ ಟ್ಯಾನನ್ ಇಡೀ ಮಾತುಕತೆಯನ್ನು ಧ್ವನಿಮುದ್ರಿಸಿ, ಮುಂದೆ ಎಲ್ಲರಿಗೂ ಕೇಳಿಸಿ ಅಭಿಪ್ರಾಯ ಪಡೆದರು. ಟ್ಯಾನನ್ ಸೇರಿ ಮೂವರು ನ್ಯೂಯಾರ್ಕಿನ ಯಹೂದಿ ಮನೆತನದವರು, ಇಬ್ಬರು ಕ್ಯಾಲಿಫೋರ್ನಿಯದವರು, ಒಬ್ಬಾಕೆ ಇಂಗ್ಲೆಂಡಿನವರು. ನ್ಯೂಯಾರ್ಕಿನವರು ವೇಗವಾಗಿ, ಬಿಡುವಿಲ್ಲದೆ, ಒಬ್ಬರು ಹೇಳುತ್ತಿರುವಾಗಲೇ ಇನ್ನೊಬ್ಬರು ಉದ್ಗಾರ, ಪ್ರಶ್ನೆ ಸೇರಿಸುತ್ತ ಮಾತಾಡಿದರು. ತಮ್ಮ ತಮ್ಮಲ್ಲಿ ಇದರಿಂದ ಯಾರ ಮಾತೂ ನಿಲ್ಲಲಿಲ್ಲ. ಹೇಳುತ್ತಿದ್ದವರು ಇನ್ನಷ್ಟು ಹುರುಪಿನಿಂದ ಮುಂದುವರಿದರು. ಅದೇ ಧಾಟಿಯ ಪ್ರಶ್ನೆಗಳು ಕ್ಯಾಲಿಫೋರ್ನಿಯದವರ ಕಡೆ ಹೊರಳಿದಾಗ ಅವರ ಉತ್ತರ ಚುಟುಕಾಗುತ್ತ ಹೋಯಿತು. ಉತ್ತರ ಚುಟುಕಾದಷ್ಟೂ ಕೇಳುವವರು, ಆಸಕ್ತಿ ತೋರಿಸಲೆಂದು, ಇನ್ನೂ ವೇಗವಾಗಿ ಕೇಳಿದರು.

ಟ್ಯಾನನ್ ಇಲ್ಲಿಂದ ತೆಗೆದ ತೀರ್ಮಾನ ಹಳೆಯ ಗ್ರಹಿಕೆಯನ್ನು ಬದಲಿಸಿತು. ಜೊತೆಜೊತೆಗೇ ಮಾತಾಡುವುದು ಕೆಲವರಲ್ಲಿ ‘ನಿಮ್ಮ ಮಾತು ನನಗೆ ಮುಟ್ಟುತ್ತಿದೆ’ ಎಂಬ ಬೆಂಬಲ. ಇನ್ನು ಕೆಲವರಲ್ಲಿ ಕಿವಿಗೊಟ್ಟು ಸುಮ್ಮನಿರುವುದೇ ಗೌರವ. ಕನ್ನಡ ನಾಡಿನಲ್ಲಿ ಕಥೆ ಕೇಳುವವರು ಹೂಂಗುಡುವುದೂ ಹೇಳುವವರ ಮಾತಿನ ಮೇಲೆಯೇ ಬೀಳುತ್ತದೆ, ಅದು ನಿಂತರೆ ‘ಕೇಳ್ತಾ ಇದೀಯಾ?’ ಎಂಬ ಪ್ರಶ್ನೆ ಬರುತ್ತದೆ. ಬೆಂಬಲಕ್ಕೂ ಆಕ್ರಮಣಕ್ಕೂ ಇರುವ ವ್ಯತ್ಯಾಸ ಮುದ್ರಿಕೆಯಲ್ಲಿ ಗೊತ್ತಾಗುತ್ತದೆ. ಜಗ್ಗಾಟವಿದ್ದಾಗ ಇಬ್ಬರ ದನಿಯೂ ಏರುತ್ತದೆ, ಅರ್ಧಕ್ಕೆ ನಿಂತ ಪದವನ್ನು ಮತ್ತೆ ಮತ್ತೆ ಶುರುಮಾಡುತ್ತಾರೆ, ಕೊನೆಗೆ ಒಬ್ಬರು ಸೋತು ಬಿಡುತ್ತಾರೆ, ಅವರ ವಿಷಯವೂ ಅಲ್ಲಿಗೇ ಬಿಟ್ಟುಹೋಗುತ್ತದೆ. ಬೆಂಬಲದ ಮಾತು ಚಿಕ್ಕದು, ಹೇಳುತ್ತಿರುವ ವಿಷಯದೊಳಗೇ ಇರುತ್ತದೆ. ಇಷ್ಟಾದರೂ ನಡುವೆ ಬಾಯಿ ಹಾಕುವವರು ಎಂಬುದು ಯಾರ ಸ್ಥಿರ ಗುಣವೂ ಅಲ್ಲ. ಕ್ಯಾಲಿಫೋರ್ನಿಯದವರ ಮಾತು ಕಡಿಯುವ ನ್ಯೂಯಾರ್ಕಿನವರು, ತಮಗಿಂತ ಕಡಿಮೆ ಬಿಡುವಿನವರ ನಡುವೆ ಕೂತರೆ ಮಾತು ಸಿಗದೆ ಸುಮ್ಮನಾಗಬೇಕಾಗುತ್ತದೆ.

ಬಿಡುವಿನ ಅರ್ಥ ತಪ್ಪಿದರೆ ತೆರಬೇಕಾದ ಬೆಲೆ ಅತಿ ಹೆಚ್ಚಾಗಿ ಕಂಡದ್ದು ಆಸ್ಟ್ರೇಲಿಯದ ನ್ಯಾಯಾಲಯಗಳಲ್ಲಿ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮೂಲನಿವಾಸಿಗಳ ಇಂಗ್ಲಿಷನ್ನು ಅಧ್ಯಯನ ಮಾಡಿದ ಡಯಾನಾ ಈಡ್ಸ್, ಅವರ ಮಾತುಕತೆಯಲ್ಲಿ ದೀರ್ಘ ಮೌನ ಮುಜುಗರದ ಸಂಗತಿಯಲ್ಲ ಎಂದು ತೋರಿಸಿದರು. ಉತ್ತರಿಸುವ ಮುನ್ನ ಸುಮ್ಮನಿರುವುದು ವಿಷಯವನ್ನು ಯೋಚಿಸುತ್ತಿರುವ, ಎದುರಿನವರೊಂದಿಗೆ ಹೊಂದಿಕೊಳ್ಳುತ್ತಿರುವ ಗುರುತು. ಪಾಟೀಸವಾಲಿನಲ್ಲಿ ಅದೇ ಮೌನ ನುಣುಚಿಕೊಳ್ಳುವಿಕೆಯಂತೆ, ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಅಲ್ಲದೆ ಒಂದರ ಹಿಂದೊಂದು ಪ್ರಶ್ನೆ ಬಂದಾಗ, ವಿಚಾರಣೆ ಮುಗಿದರೆ ಸಾಕೆಂದು ಒಪ್ಪಿಗೆಯಿಲ್ಲದೆಯೂ ‘ಹೌದು’ ಎಂದುಬಿಡುವ ರೂಢಿಯನ್ನೂ ಅವರು ದಾಖಲಿಸಿದರು.

1988ರಲ್ಲಿ ಅಲ್ಲಿ ಮೂಲನಿವಾಸಿ ಮಹಿಳೆಯೊಬ್ಬರಿಗೆ ಸಂಗಾತಿಯ ಕೊಲೆಗಾಗಿ ಜೀವಾವಧಿ ಶಿಕ್ಷೆಯಾಯಿತು. ಆತನಿಂದ ಆಕೆ ಅನುಭವಿಸಿದ್ದ ಕ್ರೂರ ಹಿಂಸೆಯ ಯಾವ ಸಂಗತಿಯೂ ವಿಚಾರಣೆಯಲ್ಲಿ ಬರಲಿಲ್ಲ. ವಕೀಲರ ನೇರ ಪ್ರಶ್ನೆಗಳಿಗೆ ಆಕೆಯ ಕಥೆ ಹೊರಬಂದಿರಲಿಲ್ಲ. ಮುಂದೆ ನಂಬಿಕೆ ಹುಟ್ಟಿದವರೆದುರು ನಿಧಾನವಾಗಿ ಹೊರಬಂತು. 1993ರ ಮೇಲ್ಮನವಿಯಲ್ಲಿ ಈಡ್ಸ್ ಈ ಸಂವಹನದ ತೊಡಕನ್ನು ಕುರಿತು ತಜ್ಞಸಾಕ್ಷ್ಯ ಒದಗಿಸಿದರು, ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಅದಕ್ಕೂ ಮುನ್ನ, 1992ರಲ್ಲೇ, ಕ್ವೀನ್ಸ್‌ಲ್ಯಾಂಡ್ ವಕೀಲರಿಗಾಗಿ ಅವರು ಒಂದು ಕೈಪಿಡಿ ಬರೆದಿದ್ದರು. ಮೌನವನ್ನು ಉತ್ತರವೆಂದು ಎಣಿಸಬಾರದು, ಮೌನ ಮುರಿಯಲೆಂದು ಮುಂದಿನ ಪ್ರಶ್ನೆ ಎಸೆಯಬಾರದು, ಮಾತಿನ ನಡುವೆ ಬಂದ ಬಿಡುವನ್ನು ಮಾತಿನ ಕೊನೆಯೆಂದು ತಿಳಿಯಬಾರದು ಎಂಬುದು ಅದರ ಸಲಹೆಗಳ ಸಾರ.