ಒಂದೇ ಫೋಟೊ, ಎಂಟು ಸಾಲಿನ ಟಿಪ್ಪಣಿ

ಬೆಂಗಳೂರಿನಲ್ಲಿ ಬೀದಿ ನಾಯಿಗಳ ರೆಸ್ಕ್ಯೂ ಕೆಲಸ ಎಷ್ಟೋ ಸಲ ವಾಟ್ಸ್ಆ್ಯಪ್‌ಗೆ ಬರುವ ಒಂದು ಫೋಟೊದಿಂದ ಶುರುವಾಗುತ್ತದೆ. ಫೋಟೊದ ಕೆಳಗೆ ‘ಪಾಪ, ಏನಾದರೂ ಮಾಡಿ’ ಎಂದಷ್ಟೇ ಇರುತ್ತದೆ. ಅದನ್ನು ನೋಡಿದ ಸ್ವಯಂಸೇವಕರು ಕೆಲವು ಸಾಲು ಬರೆದು ವೈದ್ಯರಿಗೂ ನಾಯಿ ಹಿಡಿಯುವವರಿಗೂ ಕಳಿಸಬೇಕು. ಗಾಡಿ ಈಗಲೇ ಹೊರಡಬೇಕೆ, ನಾಳೆ ಹೋದರೂ ನಡೆದೀತೆ ಎಂಬುದು ಆ ಸಾಲುಗಳ ಮೇಲೆ ನಿಂತಿರುತ್ತದೆ.

ಇಂಥದೊಂದು ಫೋಟೊ ಮುಂದಿಟ್ಟುಕೊಳ್ಳೋಣ. ಟೀ ಅಂಗಡಿ ಪಕ್ಕದ ಗೋಡೆಯ ಬುಡದಲ್ಲಿ ಕಂದು ನಾಯಿಯೊಂದು ಮಲಗಿದೆ. ನೋಡಿದ ತಕ್ಷಣ ಕೈ ಬರೆಯುವುದು ಹೀಗೆ: ‘ಬಡಕಲಾಗಿದೆ, ಕಜ್ಜಿ ಹತ್ತಿದೆ, ತುಂಬಾ ನೋವಿನಲ್ಲಿದೆ.’ ಈ ಮೂರರಲ್ಲಿ ಫೋಟೊದಲ್ಲಿ ನಿಜಕ್ಕೂ ಇರುವುದು ಬಡಕಲು ಮೈಯೊಂದೇ. ಉಳಿದ ಎರಡೂ ಊಹೆ.

ಕೆಲಸಕ್ಕೆ ಬರುವ ಟಿಪ್ಪಣಿ ಬೇರೆ ಥರ ಇರುತ್ತದೆ:

‘ದೊಡ್ಡ ಹೆಣ್ಣು ನಾಯಿ, ಕಂದು ಬಣ್ಣ.
ನಾಯಿಯ ಎಡ ಮಗ್ಗುಲು ಮಾತ್ರ ಕಾಣುತ್ತಿದೆ.
ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಿವೆ.
ಕಿವಿಯ ಅಂಚಿನಲ್ಲಿ, ಮೊಣಕೈ ಮೇಲೆ ಕೂದಲಿಲ್ಲ. ಚರ್ಮ ದಪ್ಪಗಾಗಿ ಹಕ್ಕಳೆಗಟ್ಟಿದೆ.
ಕತ್ತಿನ ಹಿಂದೆ ನಾಣ್ಯದಷ್ಟು ಕಪ್ಪು ಗುರುತು. ಗಾಯವೋ ಕೊಳೆಯೋ ತಿಳಿಯುತ್ತಿಲ್ಲ.
ಮೊಲೆಗಳು ತುಂಬಿ ಜೋತುಬಿದ್ದಿವೆ, ಮರಿಗಳು ಫೋಟೊದಲ್ಲಿಲ್ಲ.
ಎಡ ಕಿವಿ ಕತ್ತರಿಸಿಲ್ಲ. ಬಲ ಕಿವಿ ಮರೆಯಾಗಿದೆ.
ತಲೆ ಎತ್ತಿದೆ, ಕಣ್ಣು ತೆರೆದಿದೆ.’

ಇಲ್ಲಿ ‘ಕಜ್ಜಿ’ ಎಂಬ ಮಾತೇ ಇಲ್ಲ. ಕಿವಿಯ ಅಂಚು ಮತ್ತು ಮೊಣಕೈಯಲ್ಲಿ ಕೂದಲು ಉದುರಿ ಹಕ್ಕಳೆಗಟ್ಟಿದ್ದರೆ ವೈದ್ಯರಿಗೆ ಮೊದಲು ನೆನಪಾಗುವುದು ಸಾರ್ಕಾಪ್ಟಿಕ್ ಕಜ್ಜಿಯೇ. ಆದರೆ ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿಯಿಂದಲೂ ಬೂಷ್ಟಿನ ಸೋಂಕಿನಿಂದಲೂ ಚರ್ಮ ಹೀಗೆ ಕಾಣಬಹುದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕೆಲವೊಮ್ಮೆ ನುಸಿ ಕೈಗೆ ಸಿಗುವುದಿಲ್ಲ. ಫೋಟೊದಲ್ಲಂತೂ ಸಿಗುವ ಮಾತೇ ಇಲ್ಲ. ರೋಗದ ಹೆಸರು ಒಮ್ಮೆ ಬರಹದಲ್ಲಿ ಬಿತ್ತೆಂದರೆ ಗುಂಪಿನಲ್ಲಿ ಯಾರೋ ಔಷಧದ ಹೆಸರನ್ನೂ ಹೇಳುತ್ತಾರೆ. ತೂಕ ನೋಡದೆ ಅಂದಾಜಿನ ಮೇಲೆ ಕೊಟ್ಟ ಐವರ್ಮೆಕ್ಟಿನ್ ಹೆಚ್ಚಾದರೆ ನಾಯಿ ತೂರಾಡುತ್ತದೆ, ಪ್ರಜ್ಞೆ ತಪ್ಪುತ್ತದೆ, ಸಾಯಲೂಬಹುದು. ಕೂದಲಿಲ್ಲದ ಜಾಗ ಎಲ್ಲೆಲ್ಲಿದೆ ಎಂದು ಸರಿಯಾಗಿ ಬರೆದರೆ ಸಾಕು, ಹೆಸರಿಡುವ ಕೆಲಸ ವೈದ್ಯರದು.

ನನ್ನ ಮಟ್ಟಿಗೆ ಈ ಟಿಪ್ಪಣಿಯ ಅತಿ ಮುಖ್ಯ ಸಾಲು ಮೊಲೆಗಳದ್ದು. ಅದು ಬಾಣಂತಿ ನಾಯಿಯಾಗಿದ್ದರೆ ಅದನ್ನೊಂದೇ ಎತ್ತಿಕೊಂಡು ಹೋಗುವಂತಿಲ್ಲ. ನಾಯಿಮರಿ ಕಣ್ಣು ಬಿಡುವುದಕ್ಕೇ ಹತ್ತು ಹದಿನಾಲ್ಕು ದಿನ ಬೇಕು; ಅಷ್ಟು ಎಳೆಯ ಮರಿಗಳು ಎಲ್ಲೋ ಚರಂಡಿ ಕಲ್ಲಿನಡಿ ಉಳಿದುಬಿಟ್ಟರೆ ಹಾಲಿಲ್ಲದೆ, ತಾಯಿಯ ಕಾವಿಲ್ಲದೆ ಬದುಕುವುದಿಲ್ಲ. ಹಿಂದೆ ಹಲವು ಸಲ ಹೆತ್ತ ನಾಯಿಯ ಮೊಲೆಗಳೂ ಉದ್ದವಾಗಿರುತ್ತವೆ, ನಿಜ. ಆದರೆ ಅವು ಬತ್ತಿ ಚಪ್ಪಟೆಯಾಗಿರುತ್ತವೆ. ಹಾಲಿರುವ ಮೊಲೆಯ ಬುಡ ತುಂಬಿಕೊಂಡು ಸುತ್ತಲಿನ ಕೂದಲು ಸವೆದಿರುತ್ತದೆ. ಫೋಟೊವನ್ನು ದೊಡ್ಡದು ಮಾಡಿ ಈ ವ್ಯತ್ಯಾಸವನ್ನು ಹುಡುಕಬೇಕು. ಹಾಲೂಡುವ ನಾಯಿ ಊಟ ಸಿಕ್ಕಿಯೂ ಸೊರಗಬಹುದು; ಹಾಗಾಗಿ ‘ಊಟವಿಲ್ಲದೆ’ ಎಂಬ ಕಾರಣವನ್ನು ಪಕ್ಕೆಲುಬಿಗೆ ಅಂಟಿಸುವುದು ತಪ್ಪು.

ಕಿವಿಯ ವಿಷಯದಲ್ಲೂ ಎಚ್ಚರ ಬೇಕು. ಎಬಿಸಿ ಶಸ್ತ್ರಚಿಕಿತ್ಸೆಯಾದ ನಾಯಿಗೆ ಗುರುತಿಗಾಗಿ ಕಿವಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಆ ಅಂಚು ನೇರವಾಗಿರುತ್ತದೆ; ಜಗಳದಲ್ಲಿ ಹರಿದ ಕಿವಿಯ ಅಂಚು ಚಿಂದಿಚಿಂದಿ. ಒಂದೇ ಕಿವಿ ನೋಡಿ ‘ಆಪರೇಷನ್ ಆಗಿಲ್ಲ’ ಎಂದು ಬರೆಯುವಂತಿಲ್ಲ. ಎಡ ಬಲ ಎಂದರೆ ನಾಯಿಯ ಎಡ ಬಲ, ನೋಡುವವರದಲ್ಲ.

ಇನ್ನು ಕತ್ತಿನ ಕಪ್ಪು ಗುರುತು. ಮಣ್ಣು, ಗ್ಯಾರೇಜಿನ ಎಣ್ಣೆ, ಒಣಗಿದ ರಕ್ತ, ಹುಳ ಬಿದ್ದ ಗಾಯದ ಬಾಯಿ ಎಲ್ಲವೂ ಫೋಟೊದಲ್ಲಿ ಒಂದೇ ಬಣ್ಣ. ಕತ್ತಿನ ಹಿಂಭಾಗಕ್ಕೆ ನಾಯಿಯ ನಾಲಿಗೆ ಎಟುಕುವುದಿಲ್ಲ, ಅಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೇ ಹುಳವಾಗುತ್ತದೆ. ಆಮೇಲೆ ಹುಳಗಳು ಮಾಂಸ ತಿನ್ನುತ್ತ ಒಳಗಿಳಿಯುತ್ತವೆ. ಹೊರಗೆ ಕಾಣುವ ತೂತು ಚಿಕ್ಕದಿದ್ದರೂ ಒಳಗಿನ ಗಾಯ ದೊಡ್ಡದಿರಬಹುದು. ಅದಕ್ಕೇ ಇಲ್ಲಿ ‘ತಿಳಿಯುತ್ತಿಲ್ಲ’ ಎಂದು ಬರೆದದ್ದೇ ವೈದ್ಯರಿಗೆ ಎಚ್ಚರಿಕೆ.

ಫೋಟೊ ತೆಗೆದದ್ದು ಯಾವಾಗ ಎಂಬುದು ಹೀಗಾಗಿ ದೊಡ್ಡ ಪ್ರಶ್ನೆಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಾಣುವುದು ಕಳಿಸಿದ ಹೊತ್ತು, ತೆಗೆದ ಹೊತ್ತಲ್ಲ. ಟಿಪ್ಪಣಿ ಮುಗಿಸುವ ಮುನ್ನ ಕಳಿಸಿದವರಿಗೆ ಫೋನ್ ಮಾಡಿ ಹೊತ್ತು, ಜಾಗದ ಗುರುತು ಎರಡನ್ನೂ ಕೇಳಬೇಕು. ಸಾಧ್ಯವಾದರೆ ನಾಯಿ ಎದ್ದು ನಾಲ್ಕು ಹೆಜ್ಜೆ ಹಾಕುವ ಚಿಕ್ಕ ವಿಡಿಯೊ ತರಿಸಬೇಕು, ಹತ್ತಿರ ಹೋಗದೆ ದೂರದಿಂದಲೇ. ಕುಂಟು, ನಡುಕ, ತೂರಾಟ ಯಾವುದೂ ಸ್ಥಿರಚಿತ್ರದಲ್ಲಿ ಕಾಣುವುದಿಲ್ಲ.

ಈ ನಾಯಿಯ ಫೋಟೊ ನಿನ್ನೆ ಮಧ್ಯಾಹ್ನದ್ದು ಎಂದು ಗೊತ್ತಾದರೆ ಗಾಡಿ ನಾಳೆಗೆ ಕಾಯುವುದಿಲ್ಲ. ಒಬ್ಬರು ಮೊದಲೇ ಹೋಗಿ ಟೀ ಅಂಗಡಿಯವರನ್ನು ಮರಿಗಳ ಬಗ್ಗೆ ವಿಚಾರಿಸುತ್ತಾರೆ, ಗಾಡಿಯಲ್ಲಿ ತಾಯಿಗೊಂದು ಪಂಜರ, ಮರಿಗಳಿಗೊಂದು ಬುಟ್ಟಿ ಹೋಗುತ್ತವೆ.